ಫೋಟೋದಲ್ಲಿದ್ದ 0.7041: ಗುಣಾಂಕದಿಂದ ಆಡ್ಸ್ ಅನುಪಾತದ ವಾಕ್ಯದವರೆಗೆ

ನಮ್ಮ ಓದಿನ ಗುಂಪಿನ ಗೆಳತಿಯೊಬ್ಬಳು ಮೊನ್ನೆ ಕಂಪ್ಯೂಟರ್ ಪರದೆಯ ಫೋಟೋ ತೆಗೆದು ಕಳುಹಿಸಿ, "ಇದನ್ನು ಒಂದು ವಾಕ್ಯದಲ್ಲಿ ಹೇಗೆ ಬರೆಯುವುದು?" ಎಂದು ಕೇಳಿದಳು. ಲಾಜಿಸ್ಟಿಕ್ ರಿಗ್ರೆಷನ್‌ನ ಫಲಿತಾಂಶ ಅದು. ಉತ್ತರ ಸುಲಭವೆಂದುಕೊಂಡು ತಪ್ಪು ವಾಕ್ಯ ಕಳುಹಿಸಿದೆ. ಎಲ್ಲಿ ತಪ್ಪಿತು ಎಂಬುದು ಗೊತ್ತಾಗಲು ಎರಡು ಸಂಜೆ ಹಿಡಿಯಿತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ದತ್ತಾಂಶ ನಮ್ಮಲ್ಲಿ ಅನೇಕರು ನೋಡಿರುವಂಥದ್ದೇ. 1986ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಬೇಸ್ಟೇಟ್ ವೈದ್ಯಕೀಯ ಕೇಂದ್ರದಲ್ಲಿ ಸಂಗ್ರಹಿಸಿದ 189 ಹೆರಿಗೆಗಳ ವಿವರ. R ಬಳಸುವವರಿಗೆ `MASS` ಪ್ಯಾಕೇಜಿನಲ್ಲಿ `birthwt` ಎಂಬ ಹೆಸರಿನಲ್ಲಿ ಸಿಗುತ್ತದೆ. ಮಗುವಿನ ತೂಕ 2.5 ಕಿಲೋಗಿಂತ ಕಡಿಮೆಯಿದ್ದರೆ `low` 1, ಇಲ್ಲದಿದ್ದರೆ 0. ತಾಯಿ ಗರ್ಭಿಣಿಯಾಗಿದ್ದಾಗ ಧೂಮಪಾನ ಮಾಡುತ್ತಿದ್ದರೆ `smoke` 1.

```
library(MASS)
m <- glm(low ~ smoke, family = binomial, data = birthwt)
summary(m)
```

ಫೋಟೋದಲ್ಲಿ ಕಂಡದ್ದು ಇಷ್ಟು:

```
            Estimate Std. Error z value Pr(>|z|)
(Intercept)  -1.0871     0.2147  -5.062 4.14e-07
smoke         0.7041     0.3196   2.203   0.0276
```

0.7041 ನೋಡಿದ ತಕ್ಷಣ ನಾನು ಕಳುಹಿಸಿದ ವಾಕ್ಯ: "ಧೂಮಪಾನ ಮಾಡುವ ತಾಯಂದಿರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ 70% ಹೆಚ್ಚು." ಈ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಒಂದು 70ರಲ್ಲಿ, ಇನ್ನೊಂದು "ಸಾಧ್ಯತೆ"ಯಲ್ಲಿ. ಎರಡನೆಯದು ನನ್ನನ್ನು ಹೆಚ್ಚು ಕಾಡಿತು.

0.7041 ಯಾವುದರ ಅಳತೆ

ಇದೊಂದು ಹೆಜ್ಜೆಯನ್ನು ನಿಧಾನವಾಗಿ ಬರೆಯುತ್ತೇನೆ. ಪುಸ್ತಕಗಳು "ಗುಣಾಂಕವನ್ನು ಘಾತಕ್ಕೇರಿಸಿ" ಎಂದು ಹೇಳಿ ಮುಂದೆ ಹೋಗುತ್ತವೆ. ಯಾಕೆ ಏರಿಸಬೇಕೆಂಬುದು ನನಗೆ ತಲೆಗೆ ಹತ್ತಿದ್ದು ಕಚ್ಚಾ ಎಣಿಕೆಗಳನ್ನು ಕಾಗದದ ಮೇಲೆ ಬರೆದುಕೊಂಡಾಗ.

ಧೂಮಪಾನ ಮಾಡದ ತಾಯಂದಿರು 115. ಅವರಲ್ಲಿ 29 ಮಂದಿಗೆ ಕಡಿಮೆ ತೂಕದ ಮಗು, 86 ಮಂದಿಗೆ ಅಲ್ಲ. ಮಾಡುವವರು 74. ಅವರಲ್ಲಿ 30 ಮಂದಿಗೆ ಕಡಿಮೆ ತೂಕದ ಮಗು, 44 ಮಂದಿಗೆ ಅಲ್ಲ.

ಆಡ್ಸ್ ಎಂದರೆ ಆದವರ ಸಂಖ್ಯೆಯನ್ನು ಆಗದವರ ಸಂಖ್ಯೆಯಿಂದ ಭಾಗಿಸಿದಾಗ ಬರುವುದು. ಒಟ್ಟು ಸಂಖ್ಯೆಯಿಂದ ಭಾಗಿಸುವುದಲ್ಲ. ಮಾಡದವರ ಆಡ್ಸ್ 29 ಭಾಗಿಸು 86, ಅಂದರೆ 0.337. ಮಾಡುವವರ ಆಡ್ಸ್ 30 ಭಾಗಿಸು 44, ಅಂದರೆ 0.682.

ಈಗ ಎರಡಕ್ಕೂ ನೈಸರ್ಗಿಕ ಲಾಗರಿದಮ್ ತೆಗೆಯಿರಿ. 0.337ರದ್ದು −1.0871. ಫೋಟೋದ ಮೊದಲ ಸಾಲಿನಲ್ಲಿ, `(Intercept)` ಎದುರಿಗೆ ಇರುವ ಸಂಖ್ಯೆ ಇದೇ. 0.682ರದ್ದು −0.3830. ಎರಡರ ವ್ಯತ್ಯಾಸ: −0.3830 ಕಳೆ −1.0871, ಅಂದರೆ 0.7041. ಇಲ್ಲಿಗೆ ಬಂದಾಗ ನನಗೆ ಆದ ಸಂತೋಷ ಸಣ್ಣದಲ್ಲ. ಕಪ್ಪು ಪೆಟ್ಟಿಗೆಯಿಂದ ಉದುರಿದಂತಿದ್ದ ಸಂಖ್ಯೆಯನ್ನು ನಾಲ್ಕು ಎಣಿಕೆಗಳಿಂದ ಕೈಯಲ್ಲೇ ಕಟ್ಟಬಹುದು.

ಗುಣಾಂಕ ಎಂದರೆ ಎರಡು ಲಾಗರಿದಮ್‌ಗಳ ನಡುವಿನ ವ್ಯತ್ಯಾಸ. ಲಾಗರಿದಮ್‌ಗಳನ್ನು ಕಳೆದರೆ ಒಳಗಿನ ಸಂಖ್ಯೆಗಳನ್ನು ಭಾಗಿಸಿದಂತೆ, ಇದು ಪಿಯುಸಿಯಲ್ಲಿ ಕಲಿತ ನಿಯಮ. ಹಾಗಾಗಿ 0.7041 ಎಂಬುದು 0.682 ಮತ್ತು 0.337ರ ಅನುಪಾತದ ಲಾಗರಿದಮ್. ಘಾತಕ್ಕೇರಿಸಿದರೆ ಲಾಗರಿದಮ್ ಕಳಚಿ ಅನುಪಾತವೇ ಕೈಗೆ ಬರುತ್ತದೆ:

```
exp(0.7041)   # 2.022
```

ಅಂದರೆ 70% ಅಲ್ಲ. ಆಡ್ಸ್ 102% ಹೆಚ್ಚು, ಅಥವಾ ನೇರವಾಗಿ 2.02 ಪಟ್ಟು.

ಕ್ಯಾಲ್ಕುಲೇಟರ್ ಇಲ್ಲದೆ ಓದುವ ದಾರಿ

ಇದು ಈಗ ನನ್ನ ಅಚ್ಚುಮೆಚ್ಚಿನ ಉಪಾಯ. 2ರ ಲಾಗರಿದಮ್ 0.69. ಆದ್ದರಿಂದ ಗುಣಾಂಕ 0.7ರ ಆಸುಪಾಸಿನಲ್ಲಿದ್ದರೆ ಆಡ್ಸ್ ಇಮ್ಮಡಿ, −0.7 ಇದ್ದರೆ ಅರ್ಧ. 0.4 ಇದ್ದರೆ ಒಂದೂವರೆ ಪಟ್ಟು, 1.1 ಇದ್ದರೆ ಮೂರು ಪಟ್ಟು, 2.3 ಇದ್ದರೆ ಹತ್ತು ಪಟ್ಟು. ಉಳಿದವನ್ನು ಕೂಡಿಸಿ ಪಡೆಯಬಹುದು, ಏಕೆಂದರೆ ಗುಣಾಂಕಗಳನ್ನು ಕೂಡಿದರೆ ಅನುಪಾತಗಳು ಗುಣಾಕಾರವಾಗುತ್ತವೆ. 1.8 ಕಂಡರೆ 0.7 ಮತ್ತು 1.1 ಎಂದು ಬಿಡಿಸಿ: ಎರಡು ಮೂರಲಿ ಆರು. ನಿಜವಾದ ಉತ್ತರ 6.05. ಗುಣಾಂಕ 0.1ಕ್ಕಿಂತ ಚಿಕ್ಕದಾಗಿದ್ದರೆ ಮಾತ್ರ ನನ್ನ ಮೊದಲ ತಪ್ಪು ಸರಿಗೆ ಹತ್ತಿರವಾಗುತ್ತದೆ. 0.05 ಎಂದರೆ ಸುಮಾರು 5%. ಆ ಮಿತಿ ದಾಟಿದ ಮೇಲೆ ಆ ಓದು ಕೆಡುತ್ತಾ ಹೋಗುತ್ತದೆ.

"ಸಾಧ್ಯತೆ" ಎಂಬ ಪದದ ತೊಡಕು

ಕನ್ನಡದಲ್ಲಿ ಬರೆಯುವ ನಮಗೆ ಇಲ್ಲೊಂದು ನಿಜವಾದ ಕಷ್ಟವಿದೆ. ಪ್ರಾಬಬಿಲಿಟಿಗೂ ನಾವು "ಸಾಧ್ಯತೆ" ಎನ್ನುತ್ತೇವೆ, ಆಡ್ಸ್‌ಗೂ "ಸಾಧ್ಯತೆ" ಎಂದೇ ಬರೆದುಬಿಡುತ್ತೇವೆ. ಓದುವವರಿಗೆ ಕೇಳಿಸುವುದು ಮೊದಲನೆಯದು.

"ಕಡಿಮೆ ತೂಕದ ಮಗು ಹುಟ್ಟುವ ಸಾಧ್ಯತೆ ಎರಡು ಪಟ್ಟು" ಎಂದು ಬರೆದರೆ ಏನಾಗುತ್ತದೆಂದು ಲೆಕ್ಕ ಹಾಕೋಣ. ಮಾಡದವರಲ್ಲಿ ಪ್ರಾಬಬಿಲಿಟಿ, ಅಂದರೆ ಸಂಭವನೀಯತೆ, 115ರಲ್ಲಿ 29, ಎಂದರೆ 25.2%. ಇಮ್ಮಡಿಯಾದರೆ ಮಾಡುವವರಲ್ಲಿ 50% ದಾಟಬೇಕು. ಆದರೆ 74ರಲ್ಲಿ 30 ಎಂದರೆ 40.5% ಮಾತ್ರ. ಸಂಭವನೀಯತೆಗಳ ಅನುಪಾತ 1.61. "ಎರಡು ಪಟ್ಟು" ಎಂಬ ಆ ವಾಕ್ಯವನ್ನು ನಂಬಿದವರು ಧೂಮಪಾನ ಮಾಡುವ ಪ್ರತಿ ನೂರು ತಾಯಂದಿರಲ್ಲಿ ಹತ್ತು ಕಡಿಮೆ ತೂಕದ ಮಕ್ಕಳನ್ನು ಹೆಚ್ಚಾಗಿ ಎಣಿಸುತ್ತಾರೆ.

ಎರಡೂ ಒಂದೇ ಎನಿಸುವುದು ಘಟನೆ ಅಪರೂಪವಾಗಿದ್ದಾಗ. ನೂರರಲ್ಲಿ ಒಬ್ಬರು ಮತ್ತು ನೂರರಲ್ಲಿ ಇಬ್ಬರು ಎಂದಿಟ್ಟುಕೊಳ್ಳಿ. ಸಂಭವನೀಯತೆಗಳ ಅನುಪಾತ 2. ಆಡ್ಸ್‌ಗಳು 1 ಭಾಗಿಸು 99 ಮತ್ತು 2 ಭಾಗಿಸು 98, ಅವುಗಳ ಅನುಪಾತ 2.02. ವ್ಯತ್ಯಾಸ ಕಾಣುವುದೇ ಇಲ್ಲ. ಅದೇ 2.02 ನಮ್ಮ ಫೋಟೋದಲ್ಲಿ 1.61ಕ್ಕೆ ಇಳಿದದ್ದು, 189ರಲ್ಲಿ 59 ಮಕ್ಕಳು, ಅಂದರೆ ಸುಮಾರು 31%, ಕಡಿಮೆ ತೂಕದವರಾಗಿದ್ದರಿಂದ. ಹೀಗಾಗಿ ನಾನೀಗ "ಆಡ್ಸ್" ಎಂದೇ ಬರೆಯುತ್ತೇನೆ. ಕನ್ನಡದ ಕಿವಿಗೆ ಒರಟಾದರೂ ತಪ್ಪು ಹೇಳುವುದಿಲ್ಲ.

ಇನ್ನೊಂದು ಮಾತು, ಇದೂ ನಮ್ಮ ಭಾಷೆಯದ್ದೇ. "2.02 ಪಟ್ಟು ಹೆಚ್ಚು" ಎಂದು ಬರೆಯಬೇಡಿ. "ಒಂದು ಪಟ್ಟು ಹೆಚ್ಚು" ಎಂದರೆ ಇಮ್ಮಡಿ ಎಂದು ಅರ್ಥ ಮಾಡಿಕೊಳ್ಳುವವರು "ಎರಡು ಪಟ್ಟು ಹೆಚ್ಚು" ಎಂಬುದನ್ನು ಮುಮ್ಮಡಿ ಎಂದೇ ಓದುತ್ತಾರೆ. "2.02 ಪಟ್ಟು" ಎಂದು ನಿಲ್ಲಿಸಿದರೆ ಸಾಕು.

ವಿಶ್ವಾಸಾಂತರ

ಇದು ಬೇಗ ಮುಗಿಯುತ್ತದೆ. ಮೊದಲು ಲಾಗರಿದಮ್ ಅಳತೆಯಲ್ಲೇ ಲೆಕ್ಕ: 0.7041ಕ್ಕೆ 1.96 × 0.3196 ಕೂಡಿ, ಕಳೆಯಿರಿ. 0.0777 ಮತ್ತು 1.3305 ಸಿಗುತ್ತವೆ. ಆಮೇಲೆ ಎರಡು ತುದಿಗಳನ್ನೂ ಘಾತಕ್ಕೇರಿಸಿ: 1.08 ಮತ್ತು 3.78. ಸ್ಟ್ಯಾಂಡರ್ಡ್ ಎರರ್ ಅನ್ನು ಘಾತಕ್ಕೇರಿಸಿ 2.02ಕ್ಕೆ ಕೂಡಿಸುವುದು ಅರ್ಥವಿಲ್ಲದ ಕೆಲಸ. 2.02 ಈ ಎರಡು ತುದಿಗಳ ನಡುಮಧ್ಯದಲ್ಲಿಲ್ಲವೆಂದು ಗಾಬರಿಯಾಗಬೇಡಿ, ಅದು ಹಾಗೇ ಇರಬೇಕು. R ನಲ್ಲಿ `exp(confint(m))` ಕೊಟ್ಟರೆ ಬೇರೆ ವಿಧಾನ ಬಳಸುವುದರಿಂದ ಮೇಲಿನ ತುದಿ ತುಸು ಬದಲಾಗುತ್ತದೆ.

ಈಗ ವಾಕ್ಯ: "ಧೂಮಪಾನ ಮಾಡದ ತಾಯಂದಿರಿಗೆ ಹೋಲಿಸಿದರೆ, ಧೂಮಪಾನ ಮಾಡುವ ತಾಯಂದಿರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಆಡ್ಸ್ 2.02 ಪಟ್ಟು (95% ವಿಶ್ವಾಸಾಂತರ 1.08ರಿಂದ 3.78)." ಯಾರಿಗೆ ಹೋಲಿಸಿ ಎಂಬ ಭಾಗವನ್ನು ಬಿಡಬಾರದು. ಹೋಲಿಕೆ ತಿರುಗಿದರೆ ಅದೇ ದತ್ತಾಂಶ 0.49 ಎನ್ನುತ್ತದೆ. ಈ ಮಾದರಿಯಲ್ಲಿ ಧೂಮಪಾನ ಬಿಟ್ಟು ಬೇರೇನೂ ಇಲ್ಲ. ಆದ್ದರಿಂದ "ಇತರ ಅಂಶಗಳನ್ನು ಸ್ಥಿರವಾಗಿಟ್ಟಾಗ" ಎಂಬ ಮಾತನ್ನು ಇಲ್ಲಿ ಸೇರಿಸುವಂತಿಲ್ಲ.

ಫೋಟೋ ಮಸುಕಾಗಿದ್ದರೆ

ಗೆಳತಿ ಕಳುಹಿಸಿದ ಎರಡನೆಯ ಫೋಟೋದಲ್ಲಿ ಪರದೆಯ ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದು, ಗುಣಾಂಕದ ಎಡಬದಿ ಬಿಳಿಚಿಕೊಂಡಿತ್ತು. ತಾಯಿಯ ತೂಕ `lwt` ಇದ್ದ ಸಾಲು. ಓದಲು ಸಿಕ್ಕಿದ್ದು 0.01406, 0.00617, −2.279, 0.0227. ಗುಣಾಂಕವನ್ನು ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿದರೆ `z value` ಬರಲೇಬೇಕು. 0.01406 ಭಾಗಿಸು 0.00617 ಎಂದರೆ 2.279, ಆದರೆ ಫೋಟೋದಲ್ಲಿ −2.279. ಆದ್ದರಿಂದ ಬೆಳಕು ನುಂಗಿದ್ದು ಋಣ ಚಿಹ್ನೆ. ಪಿ ಮೌಲ್ಯ ಇದಕ್ಕೆ ನೆರವಾಗುವುದಿಲ್ಲ, ಚಿಹ್ನೆ ಯಾವುದಾದರೂ ಅದು 0.0227 ಆಗಿಯೇ ಇರುತ್ತದೆ.

ಇದೇ ಭಾಗಾಕಾರ ಇನ್ನೊಂದು ಅನುಮಾನವನ್ನೂ ತೀರಿಸುತ್ತದೆ. ಶಿರೋನಾಮೆಯ ಸಾಲು ಕತ್ತರಿಸಿಹೋಗಿದ್ದರೆ, ಕಾಣುತ್ತಿರುವುದು ಗುಣಾಂಕವೋ ಆಗಲೇ ಘಾತಕ್ಕೇರಿಸಿದ ಅನುಪಾತವೋ ಗೊತ್ತಾಗುವುದಿಲ್ಲ. ಸ್ಟಾಟಾದಲ್ಲಿ `logit` ಗುಣಾಂಕ ಕೊಡುತ್ತದೆ, `logistic` ನೇರವಾಗಿ ಆಡ್ಸ್ ಅನುಪಾತ ಕೊಡುತ್ತದೆ. ಧೂಮಪಾನದ ಸಾಲು ಎರಡನೆಯದರಲ್ಲಿ 2.02, 0.646, 2.20 ಎಂದಿರುತ್ತದೆ. 2.02 ಭಾಗಿಸು 0.646 ಎಂದರೆ 3.13, ಅದು 2.20 ಅಲ್ಲ. ಭಾಗಾಕಾರ ಹೊಂದದಿದ್ದರೆ ಸಂಖ್ಯೆಯನ್ನು ತಪ್ಪು ಓದಿದ್ದೇವೆ, ಇಲ್ಲವೇ ಅದು ಆಗಲೇ ಅನುಪಾತ. ಅದನ್ನು ಮತ್ತೊಮ್ಮೆ ಘಾತಕ್ಕೇರಿಸಿದರೆ 7.55 ಬರುತ್ತದೆ, ಯಾವ ಅರ್ಥವೂ ಇಲ್ಲದ ಸಂಖ್ಯೆ.

`lwt` ಪೌಂಡ್‌ಗಳಲ್ಲಿದೆ. −0.01406 ಎಂದರೆ ಪ್ರತಿ ಪೌಂಡಿಗೆ ಆಡ್ಸ್ 0.986 ಪಟ್ಟು, ಓದಿದವರಿಗೆ ಏನೂ ಅಲ್ಲವೆನಿಸುವಷ್ಟು ಸಣ್ಣದು. ನಾವು ತೂಗುವುದು ಕಿಲೋದಲ್ಲಿ. 5 ಕಿಲೋ ಎಂದರೆ ಸುಮಾರು 11.02 ಪೌಂಡ್. ಗುಣಿಸುವುದು ಗುಣಾಂಕವನ್ನು, ಅನುಪಾತವನ್ನಲ್ಲ, ಮತ್ತು ಗುಣಿಸಿದ ಮೇಲೆಯೇ ಘಾತಕ್ಕೇರಿಸಬೇಕು:

```
exp(-0.01406 * 11.02)   # 0.856
```

ಅವಳಿಗೆ ಕೊನೆಗೆ ಕಳುಹಿಸಿದ್ದು: "ಗರ್ಭ ಧರಿಸುವ ಮೊದಲಿನ ತೂಕದಲ್ಲಿ 5 ಕಿಲೋ ಹೆಚ್ಚಿರುವ ತಾಯಂದಿರಲ್ಲಿ ಕಡಿಮೆ ತೂಕದ ಮಗು ಹುಟ್ಟುವ ಆಡ್ಸ್ 0.86 ಪಟ್ಟು, ಅಂದರೆ ಸುಮಾರು 14% ಕಡಿಮೆ." 45ರಿಂದ 50 ಕಿಲೋಗೆ ಹೋದಾಗಲೂ, 80ರಿಂದ 85ಕ್ಕೆ ಹೋದಾಗಲೂ ಇದೇ 0.86 ಎಂದು ಮಾದರಿ ಒಪ್ಪಿಕೊಂಡು ಹೊರಟಿದೆ. ಅದು ದತ್ತಾಂಶ ಹೇಳಿದ ಮಾತಲ್ಲ ಎಂದು ಕೆಳಗೆ ಒಂದು ಸಾಲು ಸೇರಿಸಿದೆ.