ತೋಟ ಇದೆಯಲ್ಲ, ಮತ್ಯಾಕೆ ಇಷ್ಟು ಬಡ್ಡಿ?

ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ನನ್ನ ಮೇಜಿನ ಎದುರು ಈ ಮಾತು ಶುರುವಾಗುತ್ತದೆ. “ಒಂದೂವರೆ ಕೋಟಿಯ ತೋಟ ಅಡಮಾನ ಇಟ್ಟಿದ್ದೇನೆ ಸಾರ್. ನೀವು ಕೊಡೋದು ಬರೀ ನಲವತ್ತು ಲಕ್ಷ. ನಿಮಗೆ ರಿಸ್ಕ್ ಎಲ್ಲಿದೆ?” ಹೇಳುವವರು ಸಿಟ್ಟಿನಿಂದೇನೂ ಹೇಳುವುದಿಲ್ಲ. ಮೊದಲು ಮಳೆಯ ವಿಚಾರ, ಮನೆಯವರ ವಿಚಾರ, ಆಮೇಲೆ ಇದು. ನಾನು ಸಾಲ ವಿಭಾಗಕ್ಕೆ ಬಂದು ಇಷ್ಟು ವರ್ಷವಾದರೂ ಈ ಪ್ರಶ್ನೆ ನಿಂತಿಲ್ಲ. ಅದಕ್ಕೇ ಒಮ್ಮೆ ಬರೆದುಬಿಡುತ್ತೇನೆ.

ಬ್ಯಾಂಕು ಕೇಳುವ ಪ್ರಶ್ನೆ ಮೂರು. ಈ ಸಾಲ ಒಂದು ವರ್ಷದೊಳಗೆ ಸುಸ್ತಿಯಾಗುವ ಸಾಧ್ಯತೆ ಎಷ್ಟು? ಸುಸ್ತಿಯಾದ ದಿನ ಬಾಕಿ ಎಷ್ಟಿರುತ್ತದೆ? ಆ ಬಾಕಿಯಲ್ಲಿ ಕೊನೆಗೂ ವಾಪಸ್ ಬಾರದೆ ಹೋಗುವ ಪಾಲು ಎಷ್ಟು? ಮೂರನ್ನೂ ಗುಣಿಸಿದರೆ ಬರುವುದು ನಿರೀಕ್ಷಿತ ನಷ್ಟ. ತೋಟ ಉತ್ತರಿಸುವುದು ಮೂರನೆಯ ಪ್ರಶ್ನೆಗೆ ಮಾತ್ರ. ಹೂಮಳೆ ಕೈಕೊಟ್ಟ ವರ್ಷ ಕಂತು ಕಟ್ಟುವುದು ತೋಟದ ಬೆಲೆಯಲ್ಲ, ಕೈಯಲ್ಲಿರುವ ದುಡ್ಡು. ಒಂದೂವರೆ ಕೋಟಿಯ ತೋಟ ಮೂರು ಕೋಟಿಯಾದರೂ ಸುಸ್ತಿಯಾಗುವ ಸಾಧ್ಯತೆ ಅಷ್ಟೇ ಇರುತ್ತದೆ. ಅದನ್ನು ಇಳಿಸುವುದು ಆದಾಯ. ಕಾಫಿಯ ಜೊತೆ ಮೆಣಸು ಇದೆಯೇ, ಸ್ಪ್ರಿಂಕ್ಲರ್‌ಗೆ ಕೆರೆಯಲ್ಲಿ ನೀರಿದೆಯೇ, ಬೇರೆ ಕೈಸಾಲ ಎಷ್ಟಿದೆ, ಇಂಥವು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಕೊಡಗಿನ ನಾಪೋಕ್ಲು ಕಡೆಯ ಒಬ್ಬರದು ಅಂದುಕೊಳ್ಳಿ, ಅಂಕಿಗಳನ್ನು ಬದಲಿಸಿದ್ದೇನೆ. 10 ಎಕರೆ ರೊಬಸ್ಟಾ ತೋಟ. ಅವರ ಪ್ರಕಾರ ಎಕರೆಗೆ 15 ಲಕ್ಷ. ಓವರ್‌ಡ್ರಾಫ್ಟ್ ಲಿಮಿಟ್ 40 ಲಕ್ಷ, ಅದರಲ್ಲಿ ಬಳಸುತ್ತಿರುವುದು 25 ಲಕ್ಷ. ನಮ್ಮ ಶ್ರೇಣಿಯಲ್ಲಿ ಇಂಥ 100 ಖಾತೆಗಳಲ್ಲಿ ವರ್ಷಕ್ಕೆ 3 ಸುಸ್ತಿಯಾಗುತ್ತವೆ ಎಂದಿಟ್ಟುಕೊಳ್ಳೋಣ. ಸುಸ್ತಿ ಅಂದರೆ ಇಲ್ಲಿ 90 ದಿನ ದಾಟಿದ ಬಾಕಿ. ಬೆಳೆಸಾಲಕ್ಕೆ ಬೆಳೆಯ ಹಂಗಾಮು ನೋಡಿ ಲೆಕ್ಕ ಹಾಕುತ್ತಾರೆ, ಅದು ಬೇರೆ.

ಈಗ ತೋಟಕ್ಕೆ ಬರೋಣ. ಪಹಣಿ ತೆಗೆಸಿದರೆ 10 ಎಕರೆಯಲ್ಲಿ 6 ಎಕರೆ ಜಮ್ಮಾ ಬಾಣೆ, ಅಂದರೆ ಇಡೀ ಕುಟುಂಬಕ್ಕೆ ತಲೆಮಾರಿನಿಂದ ಒಟ್ಟಾಗಿ ಬಂದ ಜಮೀನು. ಪಟ್ಟೆದಾರರು ದೊಡ್ಡಪ್ಪ. ಒಕ್ಕದಲ್ಲಿ, ಅಂದರೆ ಆ ಒಟ್ಟು ಕುಟುಂಬದಲ್ಲಿ, ಪಾಲುದಾರರು ಹನ್ನೊಂದು ಮಂದಿ, ಇಬ್ಬರು ಊರಲ್ಲೇ ಇಲ್ಲ. ಬಾಯಿಮಾತಿನಲ್ಲಿ ಪಾಲಾಗಿದೆ, ಕಾಗದದಲ್ಲಿ ಆಗಿಲ್ಲ. ಮೂವತ್ತು ವರ್ಷದಿಂದ ಅಲ್ಲಿ ಗೊಬ್ಬರ ಹಾಕಿದ್ದು ಇವರೇ, ಅದು ನನಗೂ ಗೊತ್ತು. ಆದರೆ ನಮ್ಮ ವಕೀಲರು ಆ 6 ಎಕರೆಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಉಳಿದಿದ್ದು 4 ಎಕರೆ, 60 ಲಕ್ಷ.

ಹರಾಜಿಗೆ ಬಂದ ತೋಟಕ್ಕೆ ಪೂರ್ತಿ ಬೆಲೆ ಯಾರೂ ಕೊಡುವುದಿಲ್ಲ. ಅಷ್ಟು ದಿನ ಕಪಾತು ಇಲ್ಲ, ಗೊಬ್ಬರ ಇಲ್ಲ, ಕಾಯಿಕೊರಕ ಬಂದರೂ ನೋಡುವವರಿಲ್ಲ. ಪಕ್ಕದ ತೋಟದವರು ಮುಖ ನೋಡಿ ಸುಮ್ಮನಾಗುತ್ತಾರೆ. ನೂರಕ್ಕೆ 35 ಕಡಿತ ಮಾಡಿದರೆ 39 ಲಕ್ಷ. “ಆಯ್ತಲ್ಲ ಸಾರ್, ನಾನು ತಗೊಂಡಿದ್ದು ಇಪ್ಪತ್ತೈದು” ಅನ್ನುತ್ತಾರೆ ಇಲ್ಲಿ. ಸ್ವಲ್ಪ ತಡೆಯಿರಿ.

ಆ 39 ಲಕ್ಷ ಯಾವತ್ತು ಕೈಗೆ ಬರುತ್ತದೆ? ಕೋರ್ಟಿಗೆ ಹೋಗದೆ ಬ್ಯಾಂಕೇ ಅಡಮಾನ ವಶಕ್ಕೆ ತಗೊಂಡು ಮಾರಲು ಬಿಡುವುದು ಸರ್ಫೇಸಿ ಕಾಯ್ದೆ, ಆದರೆ ಕೃಷಿ ಭೂಮಿಯನ್ನು ಅದರ ಹೊರಗಿಟ್ಟಿದ್ದಾರೆ. ಕಾಫಿ ತೋಟ ಕೃಷಿ ಭೂಮಿಯೋ ಅಲ್ಲವೋ ಅನ್ನೋದೇ ಒಂದು ಜಗಳ. ಆ ದಾರಿ ಬಿಟ್ಟರೆ ಉಳಿಯುವುದು ಕೋರ್ಟು, ತಡೆಯಾಜ್ಞೆ, ಅಪೀಲು. ನಾನು ಹೊಸದಾಗಿ ಈ ಕೆಲಸಕ್ಕೆ ಬಂದಾಗ ಒಂದು ಫೈಲಿಗೆ “ಭದ್ರತೆ ಸಾಲದ ಮೂರು ಪಟ್ಟಿದೆ” ಎಂದು ಬರೆದು ಖುಷಿಯಿಂದ ಸಹಿ ಹಾಕಿದ್ದೆ. ಆ ದುಡ್ಡು ಬರಲು ಆರು ವರ್ಷ ಹಿಡಿಯಿತು. ಅಸಲು ಬಂತು, ಆದರೆ ಆರು ವರ್ಷದ ಬಡ್ಡಿಯನ್ನು ಯಾರ ಹತ್ತಿರ ಕೇಳೋದು? ಠೇವಣಿ ಇಟ್ಟವರಿಗೆ ನಾವು ತಿಂಗಳು ತಿಂಗಳು ಕೊಡಲೇಬೇಕಲ್ವಾ.

ಹಾಗಾಗಿ 5 ವರ್ಷದ ನಂತರ ಬರುವ 39 ಲಕ್ಷವನ್ನು 10 ಪರ್ಸೆಂಟ್‌ನಲ್ಲಿ ಇಂದಿನ ಬೆಲೆಗೆ ಇಳಿಸುತ್ತೇವೆ. ಅದು ಸುಮಾರು 24 ಲಕ್ಷವಾಗುತ್ತದೆ. ವಕೀಲರಿಗೆ, ಹರಾಜಿಗೆ, ಕಾವಲಿಗೆ 2 ಲಕ್ಷ ಕಳೆಯಿರಿ, 22 ಉಳಿಯಿತು. ಒಂದೂವರೆ ಕೋಟಿ ಹೀಗೆ 22 ಲಕ್ಷವಾಯಿತು. ಇದರಲ್ಲಿ ಕಾಫಿಯ ಮೇಲಾಗಲೀ ಅವರ ಮೇಲಾಗಲೀ ಅಪನಂಬಿಕೆ ಏನಿಲ್ಲ.

ಇನ್ನು ಬಾಕಿ. ಇವತ್ತು 25 ಲಕ್ಷ ಇದೆ ಎಂದು ಸುಸ್ತಿಯಾದ ದಿನವೂ 25 ಇರುವುದಿಲ್ಲ. ಕಷ್ಟ ಬಂದವರು ಮೊದಲು ಮಾಡುವುದೇ ಉಳಿದ ಲಿಮಿಟ್ ಎಳೆಯುವುದು. ಕೂಲಿ ಕೊಡಬೇಕು, ಡೀಸೆಲ್ ಹಾಕಿಸಬೇಕು, ಮಗಳ ಫೀಸು ಕಟ್ಟಬೇಕು. ಖಾತೆ ನೋಡಿದರೆ ಇದು ಗೊತ್ತಾಗುತ್ತದೆ: ಕಾಫಿ ಮಾರಿದ ತಿಂಗಳಲ್ಲೂ ಬಾಕಿ ಕೆಳಗಿಳಿಯದೆ ಲಿಮಿಟ್ಟಿನ ಅಂಚಿನಲ್ಲೇ ಕೂತಿರುತ್ತದೆ. ಬಳಸದ 15 ಲಕ್ಷದಲ್ಲಿ ನೂರಕ್ಕೆ 60 ಎಳೆಯುತ್ತಾರೆ ಎಂದು ಹಿಡಿದರೆ ಇನ್ನೂ 9 ಲಕ್ಷ. ಸುಸ್ತಿಯ ದಿನದ ಬಾಕಿ 34 ಲಕ್ಷ.

ಅದರಲ್ಲಿ ವಾಪಸ್ ಬರುವುದು 22, ಹೋಗುವುದು 12. ಅಂದರೆ ನಷ್ಟದ ಪಾಲು ನೂರಕ್ಕೆ 35ರ ಹತ್ತಿರ. 12 ಲಕ್ಷದ ನೂರಕ್ಕೆ 3 ಅಂದರೆ ವರ್ಷಕ್ಕೆ 36,000 ರೂಪಾಯಿ. ನಮಗೆ ಬಡ್ಡಿ ಬರುವುದು ಬಳಸಿದ 25 ಲಕ್ಷದ ಮೇಲೆ ಮಾತ್ರ. ಹಾಗಾಗಿ ಈ 36,000 ಅದರ ಮೇಲೇ ಬೀಳಬೇಕು: 1.44 ಪರ್ಸೆಂಟ್.

“ಹಾಗಿದ್ರೆ ಒಂದೂವರೆ ಪರ್ಸೆಂಟ್ ಹಾಕಿ ಸಾಕು” ಅನ್ನುವವರೂ ಇದ್ದಾರೆ. ಅದು ಸರಾಸರಿ ವರ್ಷದ ನಷ್ಟ ಅಷ್ಟೇ. 2018ರ ಆಗಸ್ಟ್ ನೆನಪಿದೆಯಲ್ಲ. ಮಕ್ಕಂದೂರು, ಜೋಡುಪಾಲ ಕಡೆ ತೋಟವೇ ಗುಡ್ಡದ ಜೊತೆ ಜಾರಿ ಹೋಯಿತು. ಅಂಥ ವರ್ಷ ಸುಸ್ತಿಯೂ ಹೆಚ್ಚುತ್ತದೆ, ಅಡಮಾನದ ಬೆಲೆಯೂ ಬೀಳುತ್ತದೆ, ಎರಡೂ ಒಟ್ಟಿಗೆ. ಸುಸ್ತಿ 10, ನಷ್ಟದ ಪಾಲು 70 ಎಂದು ಹಿಡಿದರೆ ಇದೇ ಸಾಲಕ್ಕೆ 36,000 ಬದಲು 2.38 ಲಕ್ಷ ಆಗುತ್ತದೆ. ಆ ಹೊಡೆತಕ್ಕೆ ಇರುವುದು ಬ್ಯಾಂಕಿನ ಸ್ವಂತ ಬಂಡವಾಳ. 25 ಲಕ್ಷಕ್ಕೆ 11.5 ಪರ್ಸೆಂಟ್‌ನಂತೆ ಸುಮಾರು 2.88 ಲಕ್ಷ ಇಡಬೇಕು ಅನ್ನಿ. ಷೇರುದಾರರು ಅದಕ್ಕೆ ಠೇವಣಿಗಿಂತ 8 ಪರ್ಸೆಂಟ್ ಜಾಸ್ತಿ ಕೇಳಿದರೆ ವರ್ಷಕ್ಕೆ 23,000, ಅಂದರೆ 0.92 ಪರ್ಸೆಂಟ್. ತೆರಿಗೆಯನ್ನು ಬಿಟ್ಟಿದ್ದೇನೆ.

ಶಾಖೆಯ ಖರ್ಚು 1.5. ಮೂರೂ ಕೂಡಿದರೆ ಮಾರ್ಜಿನ್ 3.86. ದುಡ್ಡು ನಮಗೆ 7 ಪರ್ಸೆಂಟ್‌ಗೆ ಸಿಕ್ಕಿದ್ದರೆ ಬಡ್ಡಿ 10.86. ಪ್ರತಿ ಬ್ಯಾಂಕಿನ ಅಂಕಿ ಬೇರೆ, ಈ ದರವನ್ನೇ ಹಿಡಿದು ಯಾರ ಜೊತೆಯೂ ಜಗಳಕ್ಕೆ ಹೋಗಬೇಡಿ.

ಇದನ್ನೆಲ್ಲ ಕೇಳಿಸಿಕೊಂಡು ಅವರು ಮಾಡುವುದೇನು ಗೊತ್ತಾ? ಅಣ್ಣನ 2 ಎಕರೆಯನ್ನೂ ಅಡಮಾನಕ್ಕೆ ತರುತ್ತೇನೆ ಅನ್ನುತ್ತಾರೆ. ಅಣ್ಣನ ಮನೆಯಲ್ಲಿ ಒಂದು ಮನಸ್ತಾಪ, ರಿಜಿಸ್ಟ್ರೇಷನ್ ಖರ್ಚು ಬೇರೆ. ನಾನು ಹೇಳಿದ್ದು ಬೇರೆ: ಬಳಸದ ಲಿಮಿಟ್ ಬಿಟ್ಟುಕೊಡಿ. 40 ಬದಲು 30 ಮಾಡಿದರೆ ಬಳಸದೆ ಉಳಿಯುವುದು 5, ಅದರಲ್ಲಿ ಎಳೆಯುವುದು 3. ಬಾಕಿ 28, ವಾಪಸ್ ಬರುವುದು ಅದೇ 22, ನಷ್ಟ 6 ಲಕ್ಷ. ನಿರೀಕ್ಷಿತ ನಷ್ಟ 36,000ದಿಂದ 18,000ಕ್ಕೆ ಇಳಿಯಿತು. ಬಡ್ಡಿ 10.14. ಒಂದು ಸೆಂಟ್ ಜಾಗ ಸೇರಿಸದೆ ಮುಕ್ಕಾಲು ಪರ್ಸೆಂಟ್ ಹತ್ತಿರ ಉಳಿಯಿತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಯ್ಲಿನಲ್ಲಿ ಕೂಲಿಗೆ ಏನು ಮಾಡ್ಲಿ ಸಾರ್?” ಎಂದರು. ಅದು ಸರಿಯಾದ ಪ್ರಶ್ನೆ. ಲಿಮಿಟ್ ಬಿಗಿ ಮಾಡಿ ಅವರು ಬಡ್ಡಿ ಅಂಗಡಿಗೆ ಹೋದರೆ 3 ಇದ್ದ ಸಾಧ್ಯತೆಯೇ 5 ಆದೀತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ 6 ಲಕ್ಷ ಹೆಚ್ಚು, ಕಾಫಿ ಮಾರಿದ ಹಣ ನೇರ ಖಾತೆಗೆ ಬರಬೇಕು ಎಂದು ಬರೆದುಕೊಂಡೆವು. ಅಣ್ಣನ 2 ಎಕರೆಯ ವಿಚಾರ ಆಮೇಲೆ ಇಬ್ಬರೂ ಎತ್ತಲಿಲ್ಲ.