ಬಸವಣ್ಣನ ಹೆಸರಿಲ್ಲದ ಶಾಸನಗಳು

12ನೆಯ ಶತಮಾನದ ಕಲಚುರಿ ಅರಸ ಬಿಜ್ಜಳನ ಕಾಲದ ಶಾಸನಗಳಲ್ಲಿ ಅವನ ಭಂಡಾರಿ ಬಸವಣ್ಣನ ಹೆಸರು ಏಕಿಲ್ಲ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ವಯಸ್ಸಾಗಿದೆ. 19ನೆಯ ಶತಮಾನದ ಕೊನೆಗೆ ಧಾರವಾಡ ಸೀಮೆಯ ಶಾಸನಗಳು ಒಂದೊಂದಾಗಿ ಅಚ್ಚಾಗುತ್ತಿದ್ದಾಗ, ಅಬ್ಬಲೂರಿನ ಶಾಸನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ವಿಸ್ತಾರವಾಗಿ ಸಿಕ್ಕಿತು. ಅದರಲ್ಲಿ ಬಿಜ್ಜಳನಿದ್ದ, ಬಸವಣ್ಣನಿರಲಿಲ್ಲ. ಹೀಗಾಗಿ ವೀರಶೈವದ ಪುನರುತ್ಥಾನಕ್ಕೆ ನಿಜವಾದ ಕಾರಣ ರಾಮಯ್ಯನೇ ಇರಬೇಕೆಂಬ ಊಹೆ ವಿದ್ವತ್ ವಲಯದಲ್ಲಿ ಗಟ್ಟಿಯಾಯಿತು.

ಈ ಊಹೆಯನ್ನು ತೂಗಬೇಕಾದರೆ ದಾನಶಾಸನ ಎಂದರೇನು ಎಂಬುದನ್ನು ನೋಡಬೇಕು. ಮೊದಲು ಅರಸನ ಪ್ರಶಸ್ತಿ, ಆಮೇಲೆ ಆ ನಾಡನ್ನಾಳುವ ಸಾಮಂತ ಅಥವಾ ದಂಡನಾಯಕ, ಬಳಿಕ ದಾನಿ, ತಿಥಿ, ಹೊಲದ ಎಲ್ಲೆ, ಕೊನೆಗೆ ದತ್ತಿ ಅಳಿದವನಿಗೆ ಶಾಪ. ದೇವಾಲಯಕ್ಕೆ ಭೂಮಿ ಅಥವಾ ಸುಂಕ ಬಿಟ್ಟಾಗ ಬರೆಸುವ ಕಲ್ಲು ಅದು. ಸ್ಥಾವರ ದೇವಾಲಯವನ್ನೇ ಪ್ರಶ್ನಿಸಿದವರ ಹೆಸರನ್ನು ಇಂಥ ಕಲ್ಲಿನ ಮೇಲೆ ಹುಡುಕಿ, ಸಿಗಲಿಲ್ಲವೆಂದು ಅವರ ಇರವನ್ನೇ ಶಂಕಿಸುವುದು ನ್ಯಾಯವಲ್ಲ. ಜೊತೆಗೆ, ಇದ್ದ ಶಾಸನಗಳಲ್ಲಿ ಆಗ ಓದಿದ್ದು ಒಂದು ಭಾಗವನ್ನಷ್ಟೆ. ಎಷ್ಟೋ ಶಾಸನದ ಕಲ್ಲುಗಳು ಬಾವಿಯ ಮೆಟ್ಟಿಲಾಗಿ, ಬಟ್ಟೆ ಒಗೆಯುವ ಹಾಸಾಗಿ ಹೋಗಿದ್ದವು.

ಊಹೆ ಸಡಿಲಿದ್ದು ಹುಕ್ಕೇರಿಯ ಬಳಿಯ ಅರ್ಜುನವಾಡದ ಶಾಸನದಿಂದ. ಸೇವುಣರ ಅರಸ ಕನ್ನರನ ಕಾಲದ, 1260ರ ಈ ಕಲ್ಲು 20ನೆಯ ಶತಮಾನದಲ್ಲಿ ಬೆಳಕಿಗೆ ಬಂತು. ತರ್ದವಾಡಿ ನಾಡಿನ ಬಾಗವಾಡಿಯ ಮಾದಿರಾಜನ ಮಗ ಬಸವರಾಜ ಎಂದು ಅದು ಊರು, ತಂದೆ ಎರಡನ್ನೂ ಹೇಳುತ್ತದೆ. ಇಲ್ಲೂ ಬಸವಣ್ಣ ದಾನಿಯಾಗಿ ಬಂದಿಲ್ಲ. ದತ್ತಿ ಪಡೆದವನು ಅವನ ಅಣ್ಣನ ಪರಂಪರೆಗೆ ಸೇರಿದವನಾದ್ದರಿಂದ ವಂಶ ಹೇಳುವಾಗ ಬಂದಿದ್ದಾನೆ. ಅಂದರೆ ಬರೆಯುವವನಿಗೆ ಹೇಳುವ ಕಾರಣ ಒದಗಿದಾಗಲೇ ಹೆಸರು ಕಾಣಿಸಿಕೊಂಡಿತು.

ಆದರೆ ಮೌನಕ್ಕೆ ಎಲ್ಲ ಕಡೆಯೂ ಬೆಲೆಯಿಲ್ಲವೆಂದಲ್ಲ. ಅರ್ಜುನವಾಡದ ಕಲ್ಲು ಬಿಜ್ಜಳನ ಕಾಲಕ್ಕಿಂತ ಸುಮಾರು ತೊಂಬತ್ತು ವರ್ಷ ಈಚಿನದು; ಬಸವಣ್ಣನ ಇರವಿಗೆ ಬಲವಾದ ಸಾಕ್ಷಿಯಾದರೂ ಅವನ ಪದವಿಗೆ ಅದು ಸಮಕಾಲೀನ ಸಾಕ್ಷಿಯಾಗದು. ಬಿಜ್ಜಳನ ದಂಡನಾಯಕರು ಶಾಸನಗಳಲ್ಲಿ ಹೆಸರು ಸಮೇತ ಬರುತ್ತಾರೆ, ಏಕೆಂದರೆ ದತ್ತಿಗೆ ಅವರ ಒಪ್ಪಿಗೆ, ಅಧಿಕಾರ ಬೇಕಿತ್ತು. ಆದ್ದರಿಂದ ಬಸವಣ್ಣ ಇಡೀ ರಾಜ್ಯವನ್ನೇ ನಡೆಸುತ್ತಿದ್ದ ಮಹಾಪ್ರಧಾನಿ ಎನ್ನುವವರು ಆ ಮೌನಕ್ಕೆ ಉತ್ತರ ಕೊಡಲೇಬೇಕು. ಕಲ್ಯಾಣದ ಭಂಡಾರದ ಲೆಕ್ಕ ನೋಡುತ್ತಿದ್ದ ಅಧಿಕಾರಿ ಎನ್ನುವವರಿಗೆ ಆ ಹೊಣೆ ಬಹಳ ಹಗುರ, ಏಕೆಂದರೆ ದೂರದ ಊರೊಂದರ ದತ್ತಿಯಲ್ಲಿ ಅಂಥವನ ಹೆಸರು ಬರಲೇಬೇಕೆಂಬ ನಿಯಮವಿರಲಿಲ್ಲ.