20W-40 ಡಬ್ಬಿಯ ಎರಡು ನಂಬರ್ ಎಂತ ಹೇಳ್ತದೆ: ಲೂಬ್ರಿಕೇಶನ್ ಪಾಠದ ನೋಟ್ಸ್

ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ನಮ್ಮ ಕಾಸರಗೋಡಿನ ಕನ್ನಡ ಮೀಡಿಯಂ ಮಕ್ಕಳಿಗೆ ಇದು. 20W-40 ಅಂದ್ರೆ ತಣ್ಣಗಿರುವಾಗ 20ರಷ್ಟು ದಪ್ಪ, ಬಿಸಿಯಾದ್ರೆ 40ರಷ್ಟು ದಪ್ಪ ಅಂತ ತುಂಬ ಜನ ಬರೀತಾರೆ, ಅಂದ್ರೆ ಆಯಿಲ್ ಕಾದ ಹಾಗೆ ದಪ್ಪ ಆಗ್ತದೆ ಅಂತ ಆಯ್ತಲ್ಲ, ಅದು ಪೂರ್ತಿ ತಪ್ಪು. ಯಾವ ಆಯಿಲಾದ್ರೂ ಕಾದ್ರೆ ತೆಳು ಆಗ್ತದೆ. ಈ ಎರಡು ನಂಬರ್ ಬೇರೆ ಬೇರೆ ಟೆಸ್ಟಿನದ್ದು, ಒಂದರ ಪಕ್ಕ ಇನ್ನೊಂದು ಇಟ್ಟು ಯಾವುದು ದೊಡ್ಡದು ಅಂತ ನೋಡ್ಲಿಕ್ಕೇ ಆಗೂದಿಲ್ಲ. ಡಿಗ್ರಿಯೂ ಅಲ್ಲ, ತೂಕವೂ ಅಲ್ಲ, ಬರೀ ಗ್ರೇಡಿನ ಹೆಸರು. W ಅಂದ್ರೆ ವಿಂಟರ್, ಚಳಿಗಾಲ. ರೂಲ್ಸ್ ಎಲ್ಲ ಎಸ್‌ಎಇ ಜೆ300 ಅನ್ನುವ ಸ್ಟ್ಯಾಂಡರ್ಡಿನಲ್ಲಿ ಉಂಟು.

ಎರಡನೇ ನಂಬರ್ ಸುಲಭ, ಅದನ್ನೇ ಮೊದಲು ನೋಡುವ. ಆಯಿಲನ್ನು 100 ಡಿಗ್ರಿಗೆ ಕಾಯಿಸಿ ಸಪೂರ ಗಾಜಿನ ನಳಿಗೆಯಲ್ಲಿ ಇಳಿಲಿಕ್ಕೆ ಎಷ್ಟು ಹೊತ್ತು ಬೇಕು ಅಂತ ಅಳೀತಾರೆ, ಉತ್ತರ ಸೆಂಟಿಸ್ಟೋಕ್ಸಿನಲ್ಲಿ ಬರ್ತದೆ. 9.3ರಿಂದ 12.5ರ ಒಳಗೆ ಇದ್ರೆ 30, 12.5ರಿಂದ 16.3ರ ಒಳಗೆ ಇದ್ರೆ 40.

W ಇರುವ ನಂಬರಿಗೆ ಆಯಿಲನ್ನು ಸೊನ್ನೆಗಿಂತ ಎಷ್ಟೋ ಕೆಳಗೆ ತಣ್ಣಗೆ ಮಾಡಿ ಎರಡು ಪ್ರಶ್ನೆ ಕೇಳ್ತಾರೆ. ಒಂದು, ಸ್ಟಾರ್ಟರ್ ಇಂಜಿನನ್ನು ತಿರುಗಿಸ್ಲಿಕ್ಕೆ ಈ ಆಯಿಲ್ ಬಿಡ್ತದಾ. 20W ಆಗ್ಬೇಕಾದ್ರೆ ಮೈನಸ್ 15 ಡಿಗ್ರಿಯಲ್ಲಿ 9500 ಸೆಂಟಿಪಾಯ್ಸ್ ದಾಟಬಾರ್ದು, 15W ಆಗ್ಬೇಕಾದ್ರೆ ಮೈನಸ್ 20ರಲ್ಲಿ 7000, 10W ಆಗ್ಬೇಕಾದ್ರೆ ಮೈನಸ್ 25ರಲ್ಲಿ ಅದೇ 7000. ಎರಡನೇದು, ಪಂಪು ಅದನ್ನು ಎಳೀತದಾ. ಈ ಟೆಸ್ಟನ್ನು ಇನ್ನೂ 5 ಡಿಗ್ರಿ ಕೆಳಗೆ ಮಾಡ್ತಾರೆ, ಯಾಕಂದ್ರೆ ಇಂಜಿನ್ ಸ್ಟಾರ್ಟ್ ಆಗಿ ಆಯಿಲ್ ಮಾತ್ರ ಮೇಲೆ ಬರದೆ ಉಳಿದ್ರೆ ಬೇರಿಂಗ್ ಒಣಗಿದಲ್ಲೇ ತಿರುಗ್ತದೆ, ಸ್ಟಾರ್ಟೇ ಆಗದಿದ್ರೆ ಅಷ್ಟು ನಷ್ಟ ಇಲ್ಲ. ಡಿಸೆಂಬರ್ ಬೆಳಿಗ್ಗೆ ಬಾಟ್ಲಿಯಲ್ಲಿ ತೆಂಗಿನೆಣ್ಣೆ ಕಟ್ಟಿ, ಬೋರಲು ಹಾಕಿದ್ರೂ ಬೀಳದೆ ಇರ್ತದಲ್ಲ, ಆಯಿಲ್ ಸಂಪಿನಲ್ಲಿ ಹಾಗೆ ಆಗ್ತದಾ ಅಂತ ನೋಡೂದು ಇಲ್ಲಿ.

ಒಂದು ಲೆಕ್ಕ ಮಾಡುವ. ಒಂದು ಆಯಿಲ್ ಮೈನಸ್ 20ರಲ್ಲಿ 5800 ಸೆಂಟಿಪಾಯ್ಸ್ ಕೊಟ್ಟಿತು, 15W ಪಾಸ್. ಮೈನಸ್ 25ರಲ್ಲಿ 11000ಕ್ಕೆ ಹೋಯ್ತು, 10W ಫೇಲ್. ಮೈನಸ್ 25ರ ಪಂಪಿಂಗ್ ಟೆಸ್ಟಿನಲ್ಲಿ 60000ದ ಮಿತಿಯೊಳಗೆ ಉಂಟು, ಕಟ್ಟಲೂ ಇಲ್ಲ. 100 ಡಿಗ್ರಿಯಲ್ಲಿ 14 ಸೆಂಟಿಸ್ಟೋಕ್ಸ್. ಹಾಗಾದ್ರೆ ಗ್ರೇಡು 15W-40. 40ಕ್ಕೆ 150 ಡಿಗ್ರಿಯ ಇನ್ನೊಂದು ಟೆಸ್ಟ್ ಉಂಟು, ಅದರಲ್ಲೂ ಪಾಸ್ ಅಂತ ಇಟ್ಕೊಳ್ಳಿ. ಒಂದೇ ಆಯಿಲ್ ಚಳಿಯಲ್ಲಿ ಸಾವಿರಗಟ್ಲೆ, ಬಿಸಿಯಲ್ಲಿ ಹದಿನಾಲ್ಕು, ಎರಡು ಅಳತೆಯ ಯುನಿಟ್ ಬೇರೆಯಾದ್ರೂ ಕಾದ ಮೇಲೆ ನೂರಾರು ಪಟ್ಟು ತೆಳು ಆದದ್ದಂತೂ ಸ್ಪಷ್ಟ.

ಈಗ ನಮ್ಮೂರಿನ ಮಾತು. ಬದಿಯಡ್ಕದಲ್ಲಾಗ್ಲಿ ಉಪ್ಪಳದಲ್ಲಾಗ್ಲಿ ಮೈನಸ್ ಡಿಗ್ರಿ ಅನ್ನೂದೇ ಇಲ್ಲ, 25W ಆಯಿಲ್ ಕೂಡ ಬೆಳಿಗ್ಗೆ ಆರಾಮಲ್ಲಿ ಪಂಪ್ ಆಗ್ತದೆ. ಹಾಗಾಗಿ ಇಲ್ಲಿ 10Wಗೂ 20Wಗೂ ಇರುವ ವ್ಯತ್ಯಾಸ ಸಣ್ಣದು, ನಿಜವಾಗಿ ಗಮನ ಕೊಡ್ಬೇಕಾದ್ದು ಎರಡನೇ ನಂಬರಿಗೆ. ಈಗಿನ ಎಷ್ಟೋ ಸಣ್ಣ ಬೈಕಿನ ಮ್ಯಾನುವಲಿನಲ್ಲಿ 10W-30 ಅಂತ ಇರ್ತದೆ, ಅಂಗಡಿಯಲ್ಲಿ "ನಮ್ಮ ಸೆಕೆಗೆ 20W-40 ಒಳ್ಳೇದು" ಅಂತ ಕೊಡ್ತಾರೆ. ಮ್ಯಾನುವಲಿನಲ್ಲಿ ಹವೆಗೆ ತಕ್ಕ ಗ್ರೇಡಿನ ಚಾರ್ಟ್ ಇದ್ದು ಅದರಲ್ಲಿ 40 ಇದ್ರೆ ಹಾಕಬಹುದು, ಇಲ್ಲದಿದ್ರೆ ಬೇಡ, ದಪ್ಪ ಆಯಿಲನ್ನು ಕಡೀಲಿಕ್ಕೆ ಇಂಜಿನ್ ಪೆಟ್ರೋಲ್ ಖರ್ಚು ಮಾಡ್ತದೆ. ತಿರುಗಾ ಮಾಡಿದ್ರೆ ಇನ್ನೂ ಕಷ್ಟ: 40 ಬೇಕಾದ ಇಂಜಿನಿಗೆ 30 ಹಾಕಿದ್ರೆ ಬಿಸಿಯಲ್ಲಿ ಪದರ ತೆಳು ಆಗ್ತದೆ, ಪ್ರೆಶರ್ ಲೈಟ್ ಇರುವ ಗಾಡಿಯಾದ್ರೆ ಘಾಟಿ ಹತ್ತಿ ಬಂದು ಐಡಲಿನಲ್ಲಿ ನಿಲ್ಲಿಸಿದಾಗ ಆ ಲೈಟ್ ಮಿನುಗಬಹುದು.

ಕೊನೆಗೆ, ಡಬ್ಬಿಯ ನಂಬರ್ ಹೊಸ ಆಯಿಲಿನದ್ದು ಮಾತ್ರ. ಎರಡು ನಂಬರಿನ ಮಧ್ಯೆ ಅಂತರ ಹೆಚ್ಚು ಬೇಕಾದಷ್ಟೂ ಸಾಮಾನ್ಯವಾಗಿ ಪಾಲಿಮರ್ ಹೆಚ್ಚು ಸೇರಿಸ್ತಾರೆ, ಕಾದಾಗ ಆಯಿಲ್ ಪೂರ್ತಿ ನೀರಾಗದ ಹಾಗೆ ತಡೆಯೂದು ಅದೇ. ಬೈಕಿನಲ್ಲಿ ಇಂಜಿನಿಗೂ ಗೇರಿಗೂ ಒಂದೇ ಆಯಿಲ್ ಆದ್ದರಿಂದ ಗೇರಿನ ಹಲ್ಲು ಆ ಪಾಲಿಮರನ್ನು ಕತ್ತರಿಸ್ತಾ ಹೋಗ್ತದೆ. ಹೊಸತರಲ್ಲಿ 13.5 ಇದ್ದದ್ದು 12ಕ್ಕೆ ಇಳಿದ್ರೆ ಡಬ್ಬಿ 40 ಅಂದ್ರೂ ಒಳಗಿರೂದು 30. ಬಣ್ಣ ನೋಡಿದ್ರೆ ಇದು ಗೊತ್ತಾಗೂದಿಲ್ಲ, ಬೆರಳಲ್ಲಿ ಉಜ್ಜಿದ್ರೂ ಗೊತ್ತಾಗೂದಿಲ್ಲ, ಬೆರಳು ಮುಟ್ಟೂದು ತಣ್ಣಗಿನ ಆಯಿಲನ್ನಲ್ವಾ. ಗೇರ್ ಬೀಳ್ಳಿಕ್ಕೆ ಒರಟು ಆದ್ರೆ, ನ್ಯೂಟ್ರಲ್ ಸಿಕ್ಕದೆ ಸತಾಯಿಸಿದ್ರೆ ಸಂಶಯ ಪಡಬಹುದು, ಆದ್ರೆ ಕ್ಲಚ್ ಕೇಬಲಿನ ಅಡ್ಜಸ್ಟ್‌ಮೆಂಟ್ ನೋಡಿದ ಮೇಲೆಯೇ ಆಯಿಲಿನ ಮೇಲೆ ಹೇಳಿ.